ಜನವರಿ 1ಕ್ಕೆ 53ನೇ ವಾರ: ಐಎಸ್‌ಒ ವಾರಸಂಖ್ಯೆಯ ಲೆಕ್ಕಾಚಾರ

ಯುರೋಪಿನ ಖರೀದಿದಾರರೊಂದಿಗೆ, ಅಥವಾ ಅವರ ಭಾರತೀಯ ಅಂಗಸಂಸ್ಥೆಗಳೊಂದಿಗೆ ವ್ಯವಹರಿಸುವ ಸಣ್ಣ ಉದ್ದಿಮೆಗಳಿಗೆ ಬರುವ ಸರಬರಾಜು ವೇಳಾಪಟ್ಟಿಗಳಲ್ಲಿ ದಿನಾಂಕದ ಬದಲು ವಾರದ ಸಂಖ್ಯೆ ಇರುವುದು ಸಾಮಾನ್ಯ. ಜರ್ಮನ್ ಮೂಲದ ಆದೇಶಪತ್ರಗಳಲ್ಲಿ `KW 10` ಎಂದೂ, ಇತರ ಕಡೆ `W10` ಎಂದೂ ನಮೂದಾಗಿರುತ್ತದೆ. ಎರಡಕ್ಕೂ ಅರ್ಥ ಒಂದೇ: ಆ ವರ್ಷದ ಹತ್ತನೇ ವಾರ. ಇಷ್ಟಕ್ಕೆ ವಿವರಣೆ ಬೇಕೇ ಎಂದು ಯಾರಿಗಾದರೂ ಅನಿಸಬಹುದು. ಆದರೆ ಹತ್ತನೇ ವಾರ ಯಾವ ದಿನ ಆರಂಭವಾಗುತ್ತದೆ ಎಂದು ಪ್ರಶ್ನಿಸಿದೊಡನೆ ಉತ್ತರ ಒಂದೇ ಆಗಿ ಉಳಿಯುವುದಿಲ್ಲ. 2027ರ ಜನವರಿ 1ರ ಶುಕ್ರವಾರವನ್ನೇ ತೆಗೆದುಕೊಂಡರೆ, ಅಂತರರಾಷ್ಟ್ರೀಯ ಮಾನಕದ ಪ್ರಕಾರ ಅದು 2026ನೇ ವರ್ಷದ 53ನೇ ವಾರಕ್ಕೆ ಸೇರಿದ ದಿನ. ಕಚೇರಿಯ ಗಣಕಯಂತ್ರದಲ್ಲಿರುವ ಎಕ್ಸೆಲ್ ಅದೇ ದಿನವನ್ನು ಒಂದನೇ ವಾರ ಎಂದು ತೋರಿಸುತ್ತದೆ. ಅಮೆರಿಕದ ನಿಯಮದಂತೆ ಟೈರಿನ ಮೇಲೆ ಮೂಡುವ ಸಂಖ್ಯೆ ಅದನ್ನು 52ನೇ ವಾರ ಎನ್ನುತ್ತದೆ. ಮೂರೂ ತಮ್ಮ ತಮ್ಮ ನಿಯಮಕ್ಕೆ ಸರಿಯಾಗಿಯೇ ಇವೆ. ಖರೀದಿದಾರನ ನಿಯಮ ಯಾವುದೆಂದು ತಿಳಿಯದೆ ಪೂರೈಕೆಗೆ ಇಳಿದವನಿಗೆ ಮಾತ್ರ ನಷ್ಟ.

ಮಾನಕ ಹೇಳುವುದೇನು?

ದಿನಾಂಕ ಮತ್ತು ಸಮಯವನ್ನು ಬರೆಯುವ ಕ್ರಮವನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಐಎಸ್‌ಒ 8601 ಎಂಬ ಮಾನಕದಲ್ಲಿ ನಿಗದಿಪಡಿಸಿದೆ. ಇದು ಮೊದಲು ಪ್ರಕಟವಾದದ್ದು 1988ರಲ್ಲಿ. 2019ರಲ್ಲಿ ಪರಿಷ್ಕೃತ ರೂಪದಲ್ಲಿ ಎರಡು ಭಾಗಗಳಾಗಿ ಹೊರಬಂದಿತು. ವಾರಗಳಿಗೆ ಸಂಖ್ಯೆ ಕೊಡುವ ನಿಯಮ ಇದಕ್ಕಿಂತ ಹಳೆಯದಾಗಿದ್ದು, 1970ರ ದಶಕದಲ್ಲಿಯೇ ಪ್ರತ್ಯೇಕ ಮಾನಕವಾಗಿ ಬಂದಿತ್ತು. ಭಾರತೀಯ ಮಾನಕ ಬ್ಯೂರೋ ಕೂಡ ದಿನಾಂಕ ಮತ್ತು ಸಮಯದ ನಿರೂಪಣೆಗೆ ಐಎಸ್ 7900 ಎಂಬ ಹೆಸರಿನಲ್ಲಿ ಇದನ್ನು ಅಂಗೀಕರಿಸಿದೆ.

ವಾರಸಂಖ್ಯೆಗೆ ಸಂಬಂಧಿಸಿದ ನಿಯಮಗಳು ಮೂರೇ. ಮೊದಲನೆಯದು, ವಾರ ಸೋಮವಾರ ಆರಂಭವಾಗಿ ಭಾನುವಾರ ಮುಗಿಯುತ್ತದೆ. ಎರಡನೆಯದು, ಪ್ರತಿಯೊಂದು ವಾರಕ್ಕೂ ಪೂರ್ಣ ಏಳು ದಿನಗಳಿರಬೇಕು. ಹೊಸ ವರ್ಷ ಬಂತೆಂದು ವಾರವನ್ನು ನಡುವೆ ಕತ್ತರಿಸುವಂತಿಲ್ಲ. ಮೂರನೆಯದು, ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿ ಬರುತ್ತದೆಯೋ ಅದೇ ಆ ವರ್ಷದ ಒಂದನೇ ವಾರ.

ಗುರುವಾರಕ್ಕೇ ಏಕೆ ಈ ಮನ್ನಣೆ ಎಂಬುದು ಸಹಜವಾದ ಪ್ರಶ್ನೆ. ಸೋಮವಾರದಿಂದ ಭಾನುವಾರದವರೆಗಿನ ಏಳು ದಿನಗಳಲ್ಲಿ ಗುರುವಾರ ನಟ್ಟನಡುವಿನ ದಿನ. ಅದರ ಹಿಂದೆ ಮೂರು ದಿನ, ಮುಂದೆ ಮೂರು ದಿನ. ಆದ್ದರಿಂದ ಎರಡು ವರ್ಷಗಳ ನಡುವೆ ಹಂಚಿಹೋದ ವಾರದಲ್ಲಿ ಗುರುವಾರ ಯಾವ ವರ್ಷದ ಪಾಲಿಗೆ ಬಂದಿದೆಯೋ ಆ ವರ್ಷಕ್ಕೆ ಕನಿಷ್ಠ ನಾಲ್ಕು ದಿನಗಳಾದರೂ ಸಿಕ್ಕಿರಲೇಬೇಕು. ಅಂದರೆ ಇದು ಬಹುಮತದ ನಿಯಮ. ಏಳರಲ್ಲಿ ನಾಲ್ಕು ಅಥವಾ ಹೆಚ್ಚು ದಿನ ಯಾರ ಬಳಿ ಇವೆಯೋ ಇಡೀ ವಾರ ಅವರದು. ಉಳಿದ ದಿನಗಳು ಅಲ್ಪಸಂಖ್ಯೆಯಲ್ಲಿರುವುದರಿಂದ ಬಹುಮತದ ಜೊತೆಗೇ ಹೋಗಬೇಕಾಗುತ್ತದೆ.

ಜನವರಿಯ ಮೊದಲ ದಿನಗಳು ಹಿಂದಿನ ವರ್ಷಕ್ಕೆ ಸೇರುವುದು ಹೀಗೆ. ಜನವರಿ 1 ಸೋಮ, ಮಂಗಳ, ಬುಧ ಅಥವಾ ಗುರುವಾರವಾಗಿದ್ದರೆ ಆ ವಾರದಲ್ಲಿ ಹೊಸ ವರ್ಷಕ್ಕೆ ನಾಲ್ಕಕ್ಕೆ ಕಡಿಮೆಯಿಲ್ಲದಷ್ಟು ದಿನಗಳು ಸಿಗುತ್ತವೆ. ಅದು ಒಂದನೇ ವಾರವಾಗುತ್ತದೆ. ಜನವರಿ 1 ಶುಕ್ರವಾರವಾದರೆ ಹೊಸ ವರ್ಷದ ಪಾಲಿಗೆ ಮೂರೇ ದಿನ, ಶನಿವಾರವಾದರೆ ಎರಡು, ಭಾನುವಾರವಾದರೆ ಒಂದು. ಬಹುಮತವಿಲ್ಲದ ಈ ದಿನಗಳು ಹಿಂದಿನ ವರ್ಷದ ಕೊನೆಯ ವಾರದಲ್ಲಿ ಉಳಿಯುತ್ತವೆ. ಇದೇ ನಿಯಮದ ಇನ್ನೊಂದು ಮುಖವೂ ಇದೆ. ಜನವರಿ 1 ಮಂಗಳ, ಬುಧ ಅಥವಾ ಗುರುವಾರವಾದಾಗ ಡಿಸೆಂಬರಿನ ಕೊನೆಯ ಒಂದೆರಡು ಅಥವಾ ಮೂರು ದಿನಗಳು ಮುಂದಿನ ವರ್ಷದ ಒಂದನೇ ವಾರಕ್ಕೆ ಸೇರಿಹೋಗುತ್ತವೆ. 2025ರ ಡಿಸೆಂಬರ್ 29, 30 ಮತ್ತು 31 ಈ ಲೆಕ್ಕದಲ್ಲಿ 2026ರ ಒಂದನೇ ವಾರದ ದಿನಗಳು.

ಹೀಗಾಗಿ ಮಾನಕದಲ್ಲಿ ವಾರಸಂಖ್ಯೆಯ ಜೊತೆ ಬರುವ ವರ್ಷ ಕ್ಯಾಲೆಂಡರಿನ ವರ್ಷವಲ್ಲ. ಅದು ವಾರಗಳ ವರ್ಷ. ಎರಡೂ ಬಹುತೇಕ ದಿನಗಳಲ್ಲಿ ಒಂದೇ ಆಗಿರುತ್ತವೆ. ವರ್ಷದ ಅಂಚಿನ ಕೆಲವು ದಿನಗಳಲ್ಲಿ ಮಾತ್ರ ಬೇರೆಯಾಗುತ್ತವೆ. 2027ರ ಜನವರಿ 1ನ್ನು ಪೂರ್ಣವಾಗಿ ಬರೆಯುವ ಕ್ರಮ `2026-W53-5`. ಇಲ್ಲಿ ಕೊನೆಯ 5 ಎಂದರೆ ಸೋಮವಾರದಿಂದ ಎಣಿಸಿದ ಐದನೇ ದಿನ, ಶುಕ್ರವಾರ. ಲೆಕ್ಕಪತ್ರ ಬಲ್ಲವರಿಗೆ ಈ ಭಾವನೆ ಹೊಸದೇನಲ್ಲ. 2027ರ ಜನವರಿ ತಿಂಗಳು 2026-27ರ ಆರ್ಥಿಕ ವರ್ಷಕ್ಕೆ ಸೇರುತ್ತದೆ. ಯುಗಾದಿಯವರೆಗೆ ಪರಾಭವ ಸಂವತ್ಸರವೇ ನಡೆಯುತ್ತದೆ. ಒಂದೇ ದಿನ ಬೇರೆ ಬೇರೆ ಲೆಕ್ಕಗಳಲ್ಲಿ ಬೇರೆ ಬೇರೆ ವರ್ಷಕ್ಕೆ ಸೇರುವುದನ್ನು ನಮ್ಮ ವರ್ತಕರು ತಲೆಮಾರುಗಳಿಂದ ನಿಭಾಯಿಸಿಕೊಂಡು ಬಂದಿದ್ದಾರೆ.

ಐವತ್ತಮೂರನೇ ವಾರ ಎಲ್ಲಿಂದ ಬರುತ್ತದೆ?

52 ವಾರಗಳೆಂದರೆ 364 ದಿನ. ವರ್ಷಕ್ಕೆ ಇರುವುದು 365 ದಿನ, ಅಧಿಕ ವರ್ಷದಲ್ಲಿ 366. ಪ್ರತಿ ವರ್ಷ ಒಂದೋ ಎರಡೋ ದಿನ ಹೆಚ್ಚುವರಿಯಾಗಿ ಉಳಿಯುತ್ತವೆ. ವಾರವನ್ನು ತುಂಡು ಮಾಡುವಂತಿಲ್ಲವಾದ್ದರಿಂದ ಆ ದಿನಗಳು ಒಟ್ಟುಗೂಡುತ್ತಾ ಹೋಗಿ, ಸಾಮಾನ್ಯವಾಗಿ ಐದು ಅಥವಾ ಆರು ವರ್ಷಕ್ಕೊಮ್ಮೆ ಒಂದು ಇಡೀ ವಾರದ ರೂಪದಲ್ಲಿ ಲೆಕ್ಕಕ್ಕೆ ಸೇರುತ್ತವೆ. ಚಾಂದ್ರಮಾನದ ವರ್ಷ ಸೌರಮಾನಕ್ಕಿಂತ ಹಿಂದೆ ಬಿದ್ದಾಗ ಅಧಿಕ ಮಾಸವನ್ನು ಸೇರಿಸಿ ಸರಿದೂಗಿಸುವ ಪಂಚಾಂಗದ ಕ್ರಮವೂ ಇದೇ ಜಾತಿಯದು. 2026ರಲ್ಲಿ ಪಂಚಾಂಗಕ್ಕೆ ಅಧಿಕ ಜ್ಯೇಷ್ಠ ಮಾಸ ಬರುವುದೂ, ಐಎಸ್‌ಒ ಲೆಕ್ಕಕ್ಕೆ 53ನೇ ವಾರ ಬರುವುದೂ ಕಾಕತಾಳೀಯ.

ಯಾವ ವರ್ಷಕ್ಕೆ 53 ವಾರ ಎಂಬುದನ್ನು ಗೋಡೆಯ ಕ್ಯಾಲೆಂಡರ್ ನೋಡಿಯೇ ಹೇಳಬಹುದು. ಆ ವರ್ಷದ ಜನವರಿ 1 ಅಥವಾ ಡಿಸೆಂಬರ್ 31, ಎರಡರಲ್ಲಿ ಒಂದಾದರೂ ಗುರುವಾರವಾಗಿದ್ದರೆ 53 ವಾರ, ಇಲ್ಲದಿದ್ದರೆ 52. ಈ ರೀತಿ 2015 ಮತ್ತು 2020ರಲ್ಲಿ 53 ವಾರಗಳಿದ್ದವು. 2026ಕ್ಕೂ 2032ಕ್ಕೂ 53 ವಾರಗಳಿವೆ. ಗ್ರೆಗೋರಿಯನ್ ಕ್ಯಾಲೆಂಡರಿನ ಪೂರ್ಣ ಆವರ್ತವಾದ 400 ವರ್ಷಗಳಲ್ಲಿ ಇಂತಹ ವರ್ಷಗಳು 71.

ಕೈಲೆಕ್ಕದ ಸುಲಭ ವಿಧಾನ

ಯಾವುದೇ ದಿನಾಂಕದ ವಾರಸಂಖ್ಯೆ ತಿಳಿಯಲು ಗುರುವಾರವನ್ನು ಹಿಡಿದರೆ ಸಾಕು. ಆ ದಿನಾಂಕವಿರುವ ಸೋಮವಾರ-ಭಾನುವಾರದ ವಾರದಲ್ಲಿ ಗುರುವಾರ ಯಾವ ತಾರೀಖು ಎಂದು ನೋಡಬೇಕು. ಆ ಗುರುವಾರದ ವರ್ಷವೇ ವಾರದ ವರ್ಷ. ನಂತರ ಆ ಗುರುವಾರ ವರ್ಷದ ಎಷ್ಟನೇ ದಿನವೆಂದು ಎಣಿಸಿ, 7ರಿಂದ ಭಾಗಿಸಿ, ಶೇಷ ಉಳಿದರೆ ಮುಂದಿನ ಪೂರ್ಣಾಂಕ ತೆಗೆದುಕೊಳ್ಳಬೇಕು. ಅದೇ ವಾರಸಂಖ್ಯೆ.

2027ರ ಜನವರಿ 1 ಶುಕ್ರವಾರ. ಅದೇ ವಾರದ ಗುರುವಾರ 2026ರ ಡಿಸೆಂಬರ್ 31; ಅದು ಆ ವರ್ಷದ 365ನೇ ದಿನ. 365ನ್ನು 7ರಿಂದ ಭಾಗಿಸಿದರೆ 52 ಬಂದು 1 ಉಳಿಯುತ್ತದೆ. ಆದ್ದರಿಂದ 53ನೇ ವಾರ, ವರ್ಷ 2026. ಇನ್ನೊಂದು ಬದಿಯಲ್ಲಿ, 2025ರ ಡಿಸೆಂಬರ್ 30 ಮಂಗಳವಾರ. ಆ ವಾರದ ಗುರುವಾರ 2026ರ ಜನವರಿ 1, ವರ್ಷದ ಮೊದಲ ದಿನ. 1ನ್ನು 7ರಿಂದ ಭಾಗಿಸಿ ಮೇಲಿನ ಪೂರ್ಣಾಂಕಕ್ಕೆ ಏರಿಸಿದರೆ 1. ಆದ್ದರಿಂದ 2026ರ ಒಂದನೇ ವಾರ. ಪರಿಶೀಲನೆಗೆ ಎರಡು ಸ್ಥಿರ ದಿನಗಳನ್ನು ನೆನಪಿನಲ್ಲಿಟ್ಟುಕೊಳ್ಳಬಹುದು: ಜನವರಿ 4 ಯಾವಾಗಲೂ ಒಂದನೇ ವಾರದಲ್ಲಿಯೇ ಇರುತ್ತದೆ, ಡಿಸೆಂಬರ್ 28 ಯಾವಾಗಲೂ ಆ ವರ್ಷದ ಕೊನೆಯ ವಾರದಲ್ಲಿಯೇ ಇರುತ್ತದೆ.

ನಾಲ್ಕು ವರ್ಷ ಸರಿಯಾಗಿ ನಡೆದು ತಪ್ಪುವ ಸೂತ್ರ

ವ್ಯವಹಾರದಲ್ಲಿ ತೊಂದರೆ ಹುಟ್ಟುವುದು ಮಾನಕದಿಂದಲ್ಲ, ಮಾನಕವನ್ನು ಅನುಸರಿಸದ ಸೂತ್ರದಿಂದ. ಎಕ್ಸೆಲ್‌ನಲ್ಲಿ ವಾರಸಂಖ್ಯೆಗಾಗಿ ಬಹುಪಾಲು ಕಚೇರಿಗಳು ಬಳಸುವುದು `WEEKNUM` ಎಂಬ ಸೂತ್ರವನ್ನು. ಬೇರೇನೂ ಸೂಚಿಸದಿದ್ದರೆ ಅದರ ನಿಯಮ ಬೇರೆ: ಜನವರಿ 1 ಯಾವ ವಾರವಾದರೂ ಆಗಲಿ, ಅದು ಒಂದನೇ ವಾರ, ಹೊಸ ವಾರ ಆರಂಭವಾಗುವುದು ಭಾನುವಾರ. ಭಾನುವಾರದಿಂದ ವಾರ ಎಣಿಸುವುದು ನಮಗೂ ರೂಢಿಯೇ. 1948ರ ಕಾರ್ಖಾನೆ ಕಾಯ್ದೆ ಕೂಡ ವಾರವೆಂದರೆ ಸಾಮಾನ್ಯವಾಗಿ ಶನಿವಾರ ಮಧ್ಯರಾತ್ರಿಯಿಂದ ಆರಂಭವಾಗುವ ಏಳು ದಿನ ಎಂದೇ ಅರ್ಥ ಹೇಳಿತ್ತು. ಆದ್ದರಿಂದ ಈ ಸೂತ್ರ ಯಾರಿಗೂ ಅಸಹಜವೆನಿಸುವುದಿಲ್ಲ.

ಇನ್ನೂ ಮುಖ್ಯವಾದ ಸಂಗತಿಯೆಂದರೆ, ಕೆಲವು ವರ್ಷಗಳಲ್ಲಿ ಎರಡೂ ಲೆಕ್ಕಗಳು ಹೊಂದಿಕೊಂಡೇ ನಡೆಯುತ್ತವೆ. 2023ರಿಂದ 2026ರವರೆಗಿನ ನಾಲ್ಕು ವರ್ಷಗಳಲ್ಲಿ ಸೋಮವಾರದಿಂದ ಶನಿವಾರದವರೆಗಿನ ದಿನಗಳಿಗೆ, ವರ್ಷದ ಕೊನೆಯ ಎರಡು-ಮೂರು ದಿನಗಳನ್ನು ಬಿಟ್ಟರೆ, ಎಕ್ಸೆಲ್‌ನ ಸಂಖ್ಯೆಯೂ ಐಎಸ್‌ಒ ಸಂಖ್ಯೆಯೂ ಒಂದೇ. ಭಾನುವಾರ ಮಾತ್ರ ವ್ಯತ್ಯಾಸ. ಭಾನುವಾರ ರವಾನೆಯಿಲ್ಲದ ಘಟಕದಲ್ಲಿ ಅದು ಗಮನಕ್ಕೂ ಬರುವುದಿಲ್ಲ. 2023ರಲ್ಲಿ ಸಿದ್ಧಪಡಿಸಿದ ತಖ್ತೆಯೊಂದು ನಾಲ್ಕು ವರ್ಷ ದೂರಿಲ್ಲದೆ ನಡೆದು ನಂಬಿಕೆ ಗಳಿಸಿರುತ್ತದೆ. 2027ರಲ್ಲಿ ಜನವರಿ 1 ಶುಕ್ರವಾರ ಬರುವುದರಿಂದ ಹೊಂದಾಣಿಕೆ ಮುರಿಯುತ್ತದೆ. ಜನವರಿ 1 ಮತ್ತು 2, ಈ ಎರಡೇ ದಿನಗಳಿಗೆ ಎಕ್ಸೆಲ್ ಒಂದನೇ ವಾರವನ್ನು ಮುಗಿಸಿ, 3ರ ಭಾನುವಾರ ಎರಡನೇ ವಾರವನ್ನು ಆರಂಭಿಸುತ್ತದೆ. ಐಎಸ್‌ಒ ಪ್ರಕಾರ ಒಂದನೇ ವಾರ ಆರಂಭವಾಗುವುದೇ 4ರ ಸೋಮವಾರ. ಅಲ್ಲಿಂದ ಇಡೀ 2027ರಲ್ಲಿ ಎಕ್ಸೆಲ್‌ನ ಸಂಖ್ಯೆ ಒಂದು ಹೆಚ್ಚಾಗಿಯೇ ಇರುತ್ತದೆ. 2028ರ ಜನವರಿ 1 ಶನಿವಾರ. ಆ ವರ್ಷವೂ ಅದೇ ಕಥೆ. 2029ರ ಜನವರಿ 1 ಸೋಮವಾರವಾದ್ದರಿಂದ ಮತ್ತೆ ಎರಡೂ ಕೂಡುತ್ತವೆ.

ಒಂದು ಘಟಕದ ಲೆಕ್ಕ

ಪೀಣ್ಯದ ಸಣ್ಣ ಘಟಕವೊಂದು ಜರ್ಮನ್ ಕಂಪನಿಯ ಪುಣೆಯ ಅಂಗಸಂಸ್ಥೆಗೆ ವಾರಕ್ಕೆ 1,200 ಬ್ರಾಕೆಟ್‌ಗಳನ್ನು ತಲಾ 240 ರೂಪಾಯಿಯಂತೆ ಪೂರೈಸುತ್ತದೆ ಎಂದು ಇಟ್ಟುಕೊಳ್ಳೋಣ. ಒಂದು ರವಾನೆಯ ಮೌಲ್ಯ 2,88,000 ರೂಪಾಯಿ. ವೇಳಾಪಟ್ಟಿಯಲ್ಲಿ `2026-W52`, `2026-W53`, `2027-W01`, `2027-W02` ಎಂಬ ಸಾಲುಗಳ ಎದುರು 1,200 ಎಂದು ನಮೂದಾಗಿದೆ. ಘಟಕದ ಉತ್ಪಾದನಾ ತಖ್ತೆಯಲ್ಲಿ ಪ್ರತಿ ದಿನಾಂಕದ ಪಕ್ಕ `WEEKNUM` ಸೂತ್ರದಿಂದ ಬಂದ ಸಂಖ್ಯೆಯಿದೆ. ಮೇಲ್ವಿಚಾರಕರು ಆದೇಶದ ಸಂಖ್ಯೆಗೆ ಹೊಂದುವ ದಿನಾಂಕ ನೋಡಿ ರವಾನೆ ಗೊತ್ತುಮಾಡುತ್ತಾರೆ.

ಮೊದಲ ಅಪಾಯ 53ನೇ ವಾರದಲ್ಲಿಯೇ ಎದುರಾಗುತ್ತದೆ. ವರ್ಷಕ್ಕೆ 52 ವಾರವೆಂದು ಭಾವಿಸಿ ತಖ್ತೆಯಲ್ಲಿ 52 ಕಲಮುಗಳನ್ನು ಮಾತ್ರ ಇಟ್ಟಿದ್ದರೆ ಡಿಸೆಂಬರ್ 28ರಿಂದ ಜನವರಿ 3ರವರೆಗಿನ ವಾರದ 1,200 ನಗಗಳಿಗೆ ಕುಳಿತುಕೊಳ್ಳುವ ಜಾಗವೇ ಇರುವುದಿಲ್ಲ. ಕಚ್ಚಾವಸ್ತುವಿನ ಬೇಡಿಕೆಯೂ ಅಷ್ಟರಮಟ್ಟಿಗೆ ಕಡಿಮೆಯಾಗಿರುತ್ತದೆ. ಕೊರತೆ ಗೊತ್ತಾಗುವುದು ಖರೀದಿದಾರರ ಉಗ್ರಾಣದಿಂದ ದೂರವಾಣಿ ಬಂದಾಗ. ಆಗ ಎರಕಹೊಯ್ಯುವವರಿಂದ ಸರಕು ತರಿಸಿ ಯಂತ್ರಕ್ಕೇರಿಸುವಷ್ಟು ಸಮಯವಿರುವುದಿಲ್ಲ. ವಿಳಂಬ ದಂಡದ ಷರತ್ತು ಇದ್ದರೆ ಅದು ಅನ್ವಯವಾಗುವುದು ಇಲ್ಲಿಯೇ.

ಎರಡನೆಯ ಅಪಾಯ ವಿರುದ್ಧ ದಿಕ್ಕಿನದು. ಖರೀದಿದಾರರ `2027-W10` ಎಂದರೆ ಮಾರ್ಚ್ 8ರಿಂದ 14. ಘಟಕದ ತಖ್ತೆಯಲ್ಲಿ 10 ಎಂಬ ಸಂಖ್ಯೆ ಇರುವುದು ಫೆಬ್ರವರಿ 28ರಿಂದ ಮಾರ್ಚ್ 6ರವರೆಗೆ. ಸರಕು ಒಂದು ವಾರ ಮೊದಲೇ ಪುಣೆ ತಲುಪುತ್ತದೆ. ಬೇಗ ಹೋದರೆ ನಷ್ಟವೇನು ಎನ್ನುವಂತಿಲ್ಲ. ಉಗ್ರಾಣದಲ್ಲಿ ಸ್ಥಳವಿಲ್ಲವೆಂದು ಲಾರಿ ಹಿಂದಿರುಗಬಹುದು, ಇಲ್ಲವೇ ಸರಕನ್ನು ಇಳಿಸಿಕೊಂಡರೂ ಪಾವತಿಯ ಅವಧಿಯನ್ನು ಆದೇಶದ ವಾರದಿಂದಲೇ ಎಣಿಸಬಹುದು. ಆಗ ಘಟಕದ 2,88,000 ರೂಪಾಯಿ ವರ್ಷವಿಡೀ ಒಂದು ವಾರದ ಹೆಚ್ಚುವರಿ ದಾಸ್ತಾನಿನ ರೂಪದಲ್ಲಿ ಸಿಲುಕಿಕೊಂಡಂತೆ. ಶೇ. 12ರ ಬಡ್ಡಿಯಲ್ಲಿ ಅದರ ವಾರ್ಷಿಕ ಹೊರೆ 34,560 ರೂಪಾಯಿ; ಯಾವ ಖರ್ಚಿನ ಖಾತೆಯಲ್ಲಿಯೂ ಇದು ತನ್ನ ಹೆಸರಿನಲ್ಲಿ ಕಾಣಿಸುವುದಿಲ್ಲ.

ಪಾವತಿಯ ವಾರವನ್ನೂ ಇದೇ ರೀತಿ ತಪ್ಪಾಗಿ ಓದಿದರೆ ಪರಿಣಾಮ ಇನ್ನೂ ನೇರ. ಹತ್ತನೇ ವಾರದಲ್ಲಿ ಪಾವತಿ ಎಂದು ಖರೀದಿದಾರರು ತಿಳಿಸಿದ್ದಾರೆ. ಘಟಕ ಮಾರ್ಚ್ 5ರ ಬ್ಯಾಂಕ್ ಕಂತಿಗೆ ಆ ಹಣವನ್ನೇ ನೆಚ್ಚಿಕೊಂಡಿದೆ. ಹಣ ಬರುವುದು ಮಾರ್ಚ್ 8ರ ನಂತರ. ಕಂತು ತಪ್ಪಿದ್ದಕ್ಕೆ ಖರೀದಿದಾರರನ್ನು ದೂರುವಂತಿಲ್ಲ, ಅವರು ಹೇಳಿದ ವಾರದಲ್ಲಿಯೇ ಕೊಟ್ಟಿದ್ದಾರೆ.

ಪರಿಹಾರ ಸರಳವಾದುದು. ಎಕ್ಸೆಲ್‌ನ 2013 ಮತ್ತು ನಂತರದ ಆವೃತ್ತಿಗಳಲ್ಲಿ ಐಎಸ್‌ಒ ವಾರಸಂಖ್ಯೆಗೆಂದೇ ಪ್ರತ್ಯೇಕ ಸೂತ್ರವಿದೆ. 2010ರ ಆವೃತ್ತಿಯಲ್ಲಿ `WEEKNUM` ಸೂತ್ರಕ್ಕೆ 21 ಎಂಬ ಸೂಚನೆ ಕೊಟ್ಟರೆ ಅದೇ ಉತ್ತರ ದೊರೆಯುತ್ತದೆ. ಆದರೆ ವಾರದ ವರ್ಷವನ್ನು ಕೊಡುವ ಸಿದ್ಧ ಸೂತ್ರ ಅದರಲ್ಲಿಲ್ಲ. ಅದಕ್ಕೆ ಗುರುವಾರದ ವಿಧಾನವನ್ನೇ ಬಳಸಬೇಕು. ದಿನಾಂಕ `A2` ಕೋಶದಲ್ಲಿದೆ ಎಂದಾದರೆ, ಮೊದಲ ಸಾಲು ವಾರಸಂಖ್ಯೆಯನ್ನೂ ಎರಡನೆಯದು ವಾರದ ವರ್ಷವನ್ನೂ ಕೊಡುತ್ತದೆ:

```
=ISOWEEKNUM(A2)
=YEAR(A2-WEEKDAY(A2,2)+4)
```

ಎರಡನೇ ಸೂತ್ರ ಮಾಡುವುದು ಇಷ್ಟೇ: ಕೊಟ್ಟ ದಿನಾಂಕದಿಂದ ಅದೇ ವಾರದ ಗುರುವಾರಕ್ಕೆ ಹೋಗಿ ಆ ಗುರುವಾರದ ವರ್ಷವನ್ನು ಓದುತ್ತದೆ.

ವರ್ಷವನ್ನು ತಪ್ಪಾಗಿ ಜೋಡಿಸಿದಾಗ

ವಾರಸಂಖ್ಯೆ ಸರಿಯಾಗಿದ್ದೂ ಅದರ ಪಕ್ಕ ಕ್ಯಾಲೆಂಡರ್ ವರ್ಷವನ್ನು ಬರೆದರೆ ಆಗುವ ಅನಾಹುತ ಒಂದು ವಾರದ್ದಲ್ಲ, ಒಂದು ವರ್ಷದ್ದು. ರಬ್ಬರ್ ಗ್ಯಾಸ್ಕೆಟ್, ಅಂಟು, ಬಣ್ಣ ಮುಂತಾದ ಬಾಳಿಕೆಯ ಅವಧಿಯುಳ್ಳ ಸರಕುಗಳ ಮೇಲೆ ತಯಾರಿಕೆಯ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಮುದ್ರಿಸುವ ಪದ್ಧತಿಯಿದೆ. 2025ರ ಡಿಸೆಂಬರ್ 30ರಂದು ತಯಾರಾದ ಸರಕಿನ ಐಎಸ್‌ಒ ವಾರ 01. ಅದರ ಸರಿಯಾದ ವರ್ಷ 26. ಮುದ್ರಣ ಯಂತ್ರಕ್ಕೆ ವರ್ಷವನ್ನು ದಿನಾಂಕದಿಂದ ನೇರವಾಗಿ ಕೊಟ್ಟಿದ್ದರೆ ಡಬ್ಬದ ಮೇಲೆ 25ನೇ ವರ್ಷದ 01ನೇ ವಾರ ಎಂದು ಬೀಳುತ್ತದೆ. ಅದನ್ನು ಓದುವವರಿಗೆ ಸರಕು 2024ರ ಡಿಸೆಂಬರ್ 30ರಿಂದ 2025ರ ಜನವರಿ 5ರ ನಡುವೆ ತಯಾರಾದದ್ದು. ಹನ್ನೆರಡು ತಿಂಗಳ ಬಾಳಿಕೆಯ ಅಂಟು ಆಗಷ್ಟೇ ಡಬ್ಬಿಗೆ ತುಂಬಿದ್ದರೂ ಅವಧಿ ಮುಗಿದ ಸರಕೆಂದು ತಿರಸ್ಕೃತವಾಗುತ್ತದೆ. ಜನವರಿಯ ಬದಿಯಲ್ಲಿ ತಪ್ಪು ಬೇರೆ ರೂಪ ತಾಳುತ್ತದೆ: 2027ರ ಜನವರಿ 1ಕ್ಕೆ 27ನೇ ವರ್ಷದ 53ನೇ ವಾರ ಎಂದು ಮುದ್ರಿತವಾಗುತ್ತದೆ. 2027ರಲ್ಲಿ 53ನೇ ವಾರವೇ ಇಲ್ಲ. ಇಂತಹ ಸಂಖ್ಯೆಯನ್ನು ಖರೀದಿದಾರರ ಗಣಕಯಂತ್ರ ಸ್ವೀಕರಿಸಲಾರದು. ಸ್ವೀಕರಿಸಿದರೂ ಸರಕು ವರ್ಷಾಂತ್ಯದಲ್ಲಿ ತಯಾರಾಗಲಿರುವಂತೆ ಕಾಣುತ್ತದೆ.

ದೊಡ್ಡ ಸಂಸ್ಥೆಗಳೂ ಈ ಬಲೆಗೆ ಬಿದ್ದದ್ದುಂಟು. 2014ರ ಡಿಸೆಂಬರ್ 29ರ ಸೋಮವಾರ ಟ್ವಿಟರ್ ಜಾಲತಾಣದ ಸರ್ವರ್‌ಗಳು ದಿನಾಂಕವನ್ನು 2015ರ ಡಿಸೆಂಬರ್ 29 ಎಂದು ತೋರಿಸಿದ್ದರಿಂದ ಬಹಳಷ್ಟು ಮೊಬೈಲ್ ಬಳಕೆದಾರರು ಖಾತೆಯಿಂದ ಹೊರದೂಡಲ್ಪಟ್ಟರು. ಆ ಸೋಮವಾರ 2015ರ ಒಂದನೇ ವಾರದ ಮೊದಲ ದಿನವಾಗಿತ್ತೆಂಬುದನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ತಂತ್ರಾಂಶಗಳಲ್ಲಿ ವಾರದ ವರ್ಷಕ್ಕೂ ಕ್ಯಾಲೆಂಡರ್ ವರ್ಷಕ್ಕೂ ಬೇರೆ ಬೇರೆ ಸಂಕೇತಗಳಿವೆ. ಅನೇಕ ಕಡೆ ಮೊದಲನೆಯದು `%G`, ಎರಡನೆಯದು `%Y`. ವಾರಸಂಖ್ಯೆಯ ಸಂಕೇತವಾದ `%V` ಜೊತೆಗೆ `%G` ಮಾತ್ರ ಹೋಗಬೇಕು. ತಿಂಗಳು-ದಿನದ ಜೊತೆಗೆ `%Y` ಮಾತ್ರ ಹೋಗಬೇಕು. ಇವು ಅದಲುಬದಲಾದರೆ ವರ್ಷದ ಬಹುತೇಕ ದಿನ ಉತ್ತರ ಸರಿಯಾಗಿಯೇ ಇರುತ್ತದೆ. ತಪ್ಪು ಹೊರಬೀಳುವುದು ರಜೆಯ ದಿನಗಳಲ್ಲಿ, ಕಚೇರಿಯಲ್ಲಿ ನೋಡುವವರು ಇಲ್ಲದಿರುವಾಗ.

ವಾರಸಂಖ್ಯೆಯಿದ್ದ ಮಾತ್ರಕ್ಕೆ ಎಲ್ಲವೂ ಐಎಸ್‌ಒ ಅಲ್ಲ ಎಂಬುದಕ್ಕೆ ಟೈರ್ ಒಳ್ಳೆಯ ನಿದರ್ಶನ. ಅಮೆರಿಕದ ಸಾರಿಗೆ ಇಲಾಖೆಯ ನಿಯಮದಂತೆ ಟೈರಿನ ಬದಿಯಲ್ಲಿ ಮೂಡುವ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಅಲ್ಲಿ ವಾರ ಭಾನುವಾರದಿಂದ ಶನಿವಾರದವರೆಗೆ. ವರ್ಷದೊಳಗೆ ಪೂರ್ಣವಾಗಿ ಬರುವ ಮೊದಲ ವಾರವೇ 01. ಆದ್ದರಿಂದ ಜನವರಿಯ ಆರು ದಿನಗಳವರೆಗೆ ಹಿಂದಿನ ವರ್ಷದ ಕೊನೆಯ ವಾರಕ್ಕೆ ಸೇರಬಹುದು. 2027ರ ಜನವರಿ 1ರಂದು ತಯಾರಾಗುವ ಟೈರಿಗೆ ಈ ನಿಯಮದಂತೆ ಬೀಳಬೇಕಾದ ಸಂಖ್ಯೆ 5226. ದಾಸ್ತಾನು ಪರಿಶೀಲಿಸುವವರು ಇದನ್ನು ಐಎಸ್‌ಒ ಸೂತ್ರಕ್ಕೆ ಹಾಕಿ ನೋಡಿದರೆ ತಾಳೆಯಾಗುವುದಿಲ್ಲ.

ಲೆಕ್ಕಪತ್ರದಲ್ಲಿ ವಾರದ ಮಿತಿ

ಐಎಸ್‌ಒ ವಾರ ಉತ್ಪಾದನೆ ಮತ್ತು ರವಾನೆಯ ಅಳತೆಗೋಲು, ತೆರಿಗೆಯ ಅಳತೆಗೋಲಲ್ಲ. 2026ರ 53ನೇ ವಾರದ ಏಳು ದಿನಗಳಲ್ಲಿ ನಾಲ್ಕು ಡಿಸೆಂಬರಿನವು, ಮೂರು ಜನವರಿಯವು. ಜನವರಿ 1ರ ದಿನಾಂಕದ ಸರಕುಪಟ್ಟಿಯ ಮೇಲೆ 2026ರ 53ನೇ ವಾರವೆಂದು ನಮೂದಿದ್ದರೂ ಸರಕು ಮತ್ತು ಸೇವಾ ತೆರಿಗೆಯ ವಿವರಪತ್ರದಲ್ಲಿ ಅದು ಜನವರಿ ತಿಂಗಳಿಗೇ ಸೇರಬೇಕು. ವಾರದ ಮಾರಾಟದ ವರದಿಯನ್ನು ಕೂಡಿಸಿ ಡಿಸೆಂಬರ್ ತ್ರೈಮಾಸಿಕದ ಮೊತ್ತ ತೆಗೆಯುವ ರೂಢಿಯಿದ್ದರೆ ಮೂರು ದಿನಗಳ ಮಾರಾಟ ತಪ್ಪು ಅವಧಿಗೆ ಹೋಗುತ್ತದೆ. ಆರ್ಥಿಕ ವರ್ಷದ ಕೊನೆಯಲ್ಲಿಯೂ ಇದೇ ಪರಿಸ್ಥಿತಿ. 2027ರ ಮಾರ್ಚ್ 31 ಬುಧವಾರ. 13ನೇ ವಾರದ ಮೂರು ದಿನಗಳು ಹಳೆಯ ಆರ್ಥಿಕ ವರ್ಷಕ್ಕೆ, ನಾಲ್ಕು ಹೊಸದಕ್ಕೆ. ಮಾನಕದ ಬಹುಮತದ ನಿಯಮ ಇಲ್ಲಿ ನಡೆಯುವುದಿಲ್ಲ. ದಿನಾಂಕದಂತೆ ವಿಭಜಿಸಿಯೇ ಲೆಕ್ಕ ಬರೆಯಬೇಕು.

ವರ್ಷದಿಂದ ವರ್ಷಕ್ಕೆ ಹೋಲಿಕೆ ಮಾಡುವಾಗಲೂ ಎಚ್ಚರ ಅಗತ್ಯ. 53 ವಾರಗಳ ವರ್ಷದಲ್ಲಿ 371 ದಿನಗಳ ಮಾರಾಟ ಸೇರಿರುತ್ತದೆ. ವಾರದ ಮಾರಾಟ ಒಂದೇ ಮಟ್ಟದಲ್ಲಿದ್ದರೂ ವರ್ಷದ ಮೊತ್ತ ಸುಮಾರು ಶೇ. 1.9ರಷ್ಟು ಏರಿದಂತೆ ಕಾಣುತ್ತದೆ. ಮುಂದಿನ ವರ್ಷ ಅಷ್ಟೇ ಇಳಿದಂತೆ ಕಾಣುತ್ತದೆ. ಇದು ವ್ಯಾಪಾರದ ಏರಿಳಿತವಲ್ಲ. ಅಲ್ಲದೆ, 2026ರ ಹತ್ತನೇ ವಾರ ಮಾರ್ಚ್ 2ಕ್ಕೆ ಆರಂಭವಾದರೆ 2027ರ ಹತ್ತನೇ ವಾರ ಮಾರ್ಚ್ 8ಕ್ಕೆ. ಒಂದೇ ಸಂಖ್ಯೆಯ ವಾರಗಳ ನಡುವೆ ಆರು ದಿನಗಳ ಅಂತರ ಬೀಳುವುದರಿಂದ, ತಿಂಗಳ ಮೊದಲ ವಾರದ ಸಂಬಳದ ಹಣಕ್ಕೆ ಅಂಟಿಕೊಂಡ ವ್ಯಾಪಾರದಲ್ಲಿ ಹೋಲಿಕೆ ದಾರಿತಪ್ಪಿಸುತ್ತದೆ.

ಪರಿಶೀಲಿಸಬೇಕಾದ ಐದು ದಿನಾಂಕಗಳು

ತಮ್ಮ ತಂತ್ರಾಂಶ ಅಥವಾ ತಖ್ತೆ ಐಎಸ್‌ಒ ನಿಯಮದಂತೆ ನಡೆಯುತ್ತಿದೆಯೇ ಎಂದು ತಿಳಿಯಲು ಉದ್ಯಮಿಗಳು ತಜ್ಞರನ್ನು ಕರೆಸಬೇಕಿಲ್ಲ. ಐದು ದಿನಾಂಕಗಳನ್ನು ಕೊಟ್ಟು ಉತ್ತರ ನೋಡಿದರೆ ಸಾಕು. 2025ರ ಡಿಸೆಂಬರ್ 29ಕ್ಕೆ `2026-W01` ಬರಬೇಕು. 2027ರ ಜನವರಿ 1ಕ್ಕೂ ಜನವರಿ 3ಕ್ಕೂ `2026-W53` ಬರಬೇಕು. 2027ರ ಜನವರಿ 4ಕ್ಕೆ `2027-W01`, 2028ರ ಜನವರಿ 1ಕ್ಕೆ `2027-W52` ಬರಬೇಕು. ಮೊದಲನೆಯದರಲ್ಲಿ `2025-W01` ಎಂದು ಬಂದರೆ ವಾರ ಸರಿ, ವರ್ಷ ತಪ್ಪು. ಎರಡನೆಯದರಲ್ಲಿ `2027-W01` ಎಂದು ಬಂದರೆ ಜನವರಿ 1ನ್ನು ಒಂದನೇ ವಾರವೆನ್ನುವ ಹಳೆಯ ಸೂತ್ರ ಕೆಲಸ ಮಾಡುತ್ತಿದೆ. ಜನವರಿ 3ರ ಉತ್ತರ ಮಾತ್ರ ತಪ್ಪಿದ್ದರೆ ವಾರ ಭಾನುವಾರದಿಂದ ಆರಂಭವಾಗುತ್ತಿದೆ.

ಆದೇಶ ಒಪ್ಪಿಕೊಳ್ಳುವ ಮೊದಲು ಖರೀದಿದಾರರಿಂದ ಎರಡು ಮಾತುಗಳನ್ನು ಬರಹದಲ್ಲಿ ಪಡೆದುಕೊಳ್ಳುವುದು ಒಳಿತು: ವಾರಸಂಖ್ಯೆ ಐಎಸ್‌ಒ 8601ರಂತೆಯೇ ಎಂಬುದು, ಮತ್ತು ನಮೂದಿಸಿದ ವಾರ ಸರಕು ಹೊರಡುವ ವಾರವೋ ತಲುಪುವ ವಾರವೋ ಎಂಬುದು. ಘಟಕದಿಂದ ಹೊರಡುವ ಪ್ರತಿ ಪತ್ರದಲ್ಲಿ ವಾರಸಂಖ್ಯೆಯ ಜೊತೆಗೆ ಆ ವಾರದ ಸೋಮವಾರದ ದಿನಾಂಕವನ್ನೂ ಬರೆದರೆ, ಎರಡು ಕಡೆಯ ಲೆಕ್ಕ ಬೇರೆಯಾಗಿದ್ದಲ್ಲಿ ಅದು ಲಾರಿ ಹೊರಡುವ ಮೊದಲೇ ಕಾಗದದ ಮೇಲೆ ಗೊತ್ತಾಗುತ್ತದೆ.